ಒಂಬತ್ತು ನಲವತ್ತರ ಗಡಿಯಾರ

ನಮ್ಮ ಮನೆಯ ಹಜಾರದಲ್ಲಿ ನಾನು ಕಣ್ಣುಬಿಟ್ಟಾಗಿನಿಂದ ಒಂದು ಫೋಟೋ ತೂಗುಹಾಕಿತ್ತು. ಅದು ಅಪ್ಪ ಅಮ್ಮನ ಮದುವೆಯದು. 1964ರ ಮೇ 18, ಮಾಂಗಲ್ಯಧಾರಣೆಯ ಹೊತ್ತು. ಮಲೆನಾಡಿನ ಅಜ್ಜಯ್ಯನ ತೊಟ್ಟಿಮನೆ. ಅಪ್ಪ ಬಗ್ಗಿ ತಾಳಿ ಕಟ್ಟುತ್ತಿದ್ದಾರೆ, ಅಮ್ಮ ತಲೆ ತಗ್ಗಿಸಿದ್ದಾಳೆ, ಸುತ್ತ ಅಕ್ಷತೆ ಹಿಡಿದ ಕೈಗಳು. ಅವರ ತಲೆಯ ಮೇಲೆ ಗೋಡೆಯಲ್ಲಿ ಲೋಲಕದ ಗಡಿಯಾರ. ಅದರ ಮುಖ ಫೋಟೋದಲ್ಲಿ ಹಳೆಯ ಎಂಟಾಣೆ ನಾಣ್ಯದಷ್ಟು ದೊಡ್ಡದು. ಅದರಲ್ಲಿ ಗಂಟೆ ಒಂಬತ್ತು ನಲವತ್ತು.

ಆ ಒಂಬತ್ತು ನಲವತ್ತಕ್ಕೆ ನಮ್ಮ ಮನೆಯಲ್ಲಿ ಬಹಳ ಬೆಲೆಯಿತ್ತು. ಮಿಥುನ ಲಗ್ನದಲ್ಲಿ, ಹತ್ತು ಗಂಟೆಯೊಳಗೆ ತಾಳಿ ಬೀಳಬೇಕೆಂದು ಪುರೋಹಿತರು ಮುಹೂರ್ತ ಇಟ್ಟಿದ್ದರಂತೆ. ಗಂಡಿನ ಕಡೆಯವರ ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತು ದಿಬ್ಬಣ ತಡವಾಗಿ ಬಂತು. ತಡವಾದದ್ದು ಗಂಡಿನವರಿಂದ, ಆದರೆ ಮಾತು ಬಂದದ್ದು ಹೆಣ್ಣಿನ ಮೇಲೆ. ನಮ್ಮ ಸೋದರತ್ತೆಯೊಬ್ಬರು "ಮುಹೂರ್ತ ಮೀರಿ ಬಂದವಳು" ಎಂದು ಅಮ್ಮನಿಗೆ ಹೆಸರಿಟ್ಟಿದ್ದರು. ನನಗಿಂತ ಮೊದಲು ಹುಟ್ಟಿದ ಮಗು ಹನ್ನೊಂದು ದಿನಕ್ಕೆ ಹೋದಾಗ ಆ ಹೆಸರಿಗೆ ಇನ್ನಷ್ಟು ಬಲ ಬಂತು. ಆಗಲೇ ಅಜ್ಜಯ್ಯ ಕಟ್ಟು ಹಾಕಿಸಿದ ಈ ದೊಡ್ಡ ಫೋಟೋವನ್ನು ಬಗಲಲ್ಲಿ ಹಿಡಿದು ಬಸ್ಸಿನಲ್ಲಿ ಬಂದು, ತಾವೇ ಮೊಳೆ ಹೊಡೆದು ತೂಗುಹಾಕಿ ಹೋದದ್ದು. ಅಲ್ಲಿಂದ ಮುಂದೆ ಯಾರಾದರೂ ಮಾತೆತ್ತಿದರೆ ನಮ್ಮ ಅಜ್ಜಿಯೇ ಫೋಟೋದ ಕಡೆ ಕೈ ತೋರಿಸುತ್ತಿದ್ದರು. "ನೋಡಿ, ಗಡಿಯಾರ ಸುಳ್ಳು ಹೇಳುತ್ಯೇ?"

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವವಳು. 2018ರಲ್ಲಿ ಮಕ್ಕಳಿಗೆ ಆಧಾರಗಳ ಪಾಠ ಮಾಡುವಾಗ ಶಾಸನ, ನಾಣ್ಯ ಎಂದು ಬೋರ್ಡಿನ ಮೇಲೆ ಬರೆದು ಬರೆದು ಬೇಸರವಾಗಿ, ಮನೆಯ ಈ ಫೋಟೋವನ್ನೇ ಕೊಂಡೊಯ್ದೆ. ಇದರಿಂದ ಏನೇನು ತಿಳಿಯುತ್ತದೆ, ಹೇಳಿ ಎಂದೆ. ಸೀರೆ ಉಟ್ಟ ರೀತಿ, ಮಣೆ, ಕಳಶ ಎಂದು ಮಕ್ಕಳು ಹೇಳುತ್ತಾ ಹೋದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಭೂತಗನ್ನಡಿ ಹಿಡಿದು ನೋಡಿ, "ಟೀಚರ್, ಈ ಗಡಿಯಾರ ಕೆಟ್ಟಿದೆ" ಎಂದಳು. ಹೇಗೆ ಎಂದೆ. "ದೊಡ್ಡ ಮುಳ್ಳು ಎಂಟರ ಮೇಲಿದೆ. ಚಿಕ್ಕ ಮುಳ್ಳು ಸರಿಯಾಗಿ ಒಂಬತ್ತರ ಮೇಲೇ ನಿಂತಿದೆ!"

ಐವತ್ತು ವರ್ಷ ನೋಡಿದ ಫೋಟೋ. ನನಗೆ ಕಂಡಿರಲಿಲ್ಲ.

ನಿಮ್ಮ ಮನೆಯ ಗೋಡೆ ಗಡಿಯಾರವನ್ನು ಈಗಲೇ ಒಮ್ಮೆ ನೋಡಿ. ಚಿಕ್ಕ ಮುಳ್ಳು ಗಂಟೆಗೊಮ್ಮೆ ಒಂದು ಅಂಕಿಯಿಂದ ಇನ್ನೊಂದಕ್ಕೆ ಹಾರುವುದಿಲ್ಲ. ದೊಡ್ಡ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಅದು ಒಂದು ಮನೆಯನ್ನು ಮೆಲ್ಲಗೆ ದಾಟುತ್ತದೆ. ಒಂಬತ್ತು ನಲವತ್ತಕ್ಕೆ ಅದು ಒಂಬತ್ತನ್ನು ಬಿಟ್ಟು, ಹತ್ತರ ಕಡೆಗೆ ಮೂರರಲ್ಲಿ ಎರಡು ಪಾಲು ದಾರಿ ನಡೆದಿರಬೇಕು. ಸರಿಯಾಗಿ ಒಂಬತ್ತರ ಮೇಲೆ ಇರಬೇಕಾದರೆ ದೊಡ್ಡ ಮುಳ್ಳು ಹನ್ನೆರಡರ ಮೇಲಿರಬೇಕು. ಓಡುವ ಗಡಿಯಾರ ಹೀಗೆ ನಿಲ್ಲುವುದಿಲ್ಲ. ಹೀಗೆ ನಿಲ್ಲಿಸುವುದು ಗಡಿಯಾರವನ್ನು ನೆನಪಿನಿಂದ ಬರೆಯುವ ಮನುಷ್ಯನ ಕೈ ಮಾತ್ರ. ಮಕ್ಕಳ ಚಿತ್ರಗಳಲ್ಲಿ ಈ ತಪ್ಪನ್ನು ನಾನು ನೂರು ಸಲ ಕಂಡಿದ್ದೇನೆ.

ಆದರೂ ಮನಸ್ಸು ಒಪ್ಪಲಿಲ್ಲ. ಹಳೆಯ ಗಡಿಯಾರ, ಮುಳ್ಳು ಸಡಿಲವಾಗಿ ಜಾರಿದ್ದಿರಲೂಬಹುದಲ್ಲ? ನಮ್ಮೂರಿನಲ್ಲಿ ಹಿಂದೆ ಒಂದು ಸ್ಟುಡಿಯೋದಲ್ಲಿ ರಿಟಚ್ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಆ ಮದುವೆಗೂ ಅವರಿಗೂ ಸಂಬಂಧವಿಲ್ಲ, ಆದರೆ ಕಸುಬು ಬಲ್ಲವರು. ಒಂದು ಭಾನುವಾರ ಫೋಟೋ ತೆಗೆದುಕೊಂಡು ಅವರ ಮನೆಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ, ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಟೀಚರೇ, ನಮ್ಮ ಕಸುಬಿನಲ್ಲಿ ಎಲ್ಲಾ ತಲೆಕೆಳಗು. ಅಳಿಸೋದಕ್ಕೆ ಪೆನ್ಸಿಲ್ಲು, ಬರೆಯೋದಕ್ಕೆ ಚಾಕು" ಎಂದರು.

ಆಮೇಲೆ ಅದನ್ನು ಬಿಡಿಸಿ ಹೇಳಿದರು. ನೆಗೆಟಿವ್‌ನಲ್ಲಿ ಬಿಳಿ ಕಪ್ಪಾಗಿರುತ್ತದೆ, ಕಪ್ಪು ಬರಿಯ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಗಡಿಯಾರದ ಬಿಳಿ ಮುಖ ಅಲ್ಲಿ ಕಪ್ಪು ಬಿಲ್ಲೆ, ಕಪ್ಪು ಮುಳ್ಳುಗಳು ಅದರಲ್ಲಿ ಎರಡು ತಿಳಿಗೆರೆ. ಹಳೆಯ ಮುಳ್ಳು ಮಾಯವಾಗಬೇಕಾದರೆ ಆ ತಿಳಿಗೆರೆಯನ್ನು ತುಂಬಬೇಕು. ನೆಗೆಟಿವ್‌ನ ಮೇಲೆ ಅಂಟಂಟಾದ ಒಂದು ವಾರ್ನಿಷನ್ನು ಬೆರಳಿನಿಂದ ತೆಳ್ಳಗೆ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆ ಇಟ್ಟು ತುಂಬುತ್ತಾರೆ. ಹೊಸ ಮುಳ್ಳು ಬೇಕಾದ ಕಡೆ ಚಾಕುವಿನ ತುದಿಯಿಂದ ಕಪ್ಪು ಪೊರೆಯನ್ನು ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಬೆಳಕು ಹಾಯ್ದು, ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಈ ಫೋಟೋದ ನೆಗೆಟಿವ್ ಹಾಫ್ ಪ್ಲೇಟ್, ಅಂದರೆ ಆರೂವರೆ ಇಂಚು ಉದ್ದದ್ದು ಇದ್ದಿರಬೇಕೆಂದು ಅವರ ಅಂದಾಜು. ಅದರಲ್ಲಿ ಗಡಿಯಾರದ ಮುಖ ಒಂದೂವರೆ ಸೆಂಟಿಮೀಟರ್ ಕೂಡ ಬರುವುದಿಲ್ಲ. ಇಳಿಜಾರಿನ ಡೆಸ್ಕಿನ ಮೇಲೆ, ಕೆಳಗಿನಿಂದ ಬೆಳಕು ಬಿಟ್ಟುಕೊಂಡು, ಉಸಿರು ಹಿಡಿದು ಮಾಡುವ ಕೆಲಸ. ಪೆನ್ಸಿಲ್ಲು ತಪ್ಪಿದರೆ ಒರೆಸಬಹುದು, ಚಾಕು ತಪ್ಪಿದರೆ ನೆಗೆಟಿವ್ ಹೋಯಿತು.

"ಇಲ್ಲಿ ನೋಡಿ" ಎಂದು ಹತ್ತರ ಅಂಕಿಯ ಪಕ್ಕ ಉಗುರು ಇಟ್ಟರು. ಅಲ್ಲಿ ಗಡಿಯಾರದ ಮುಖ ಉಳಿದ ಕಡೆಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಬಿಳುಪು. ಐದರ ಹತ್ತಿರವೂ ಹಾಗೇ, ಓರೆಯಾಗಿ ಒಂದು ಬಿಳಿ ನೆರಳು. "ಪೆನ್ಸಿಲ್ಲು ಒಂದು ಕೈ ಹೆಚ್ಚಾಗಿದೆ. ಹತ್ತರಾಚೆ ಒಂದು ಮುಳ್ಳಿತ್ತು, ಐದರಲ್ಲಿ ಒಂದು." ಅಂದರೆ ಹತ್ತು ಇಪ್ಪತ್ತೈದು. ದೊಡ್ಡ ಮುಳ್ಳನ್ನು ಮಾತ್ರ ಎಂಟಕ್ಕೆ ತಂದಿದ್ದರೆ ಹತ್ತು ನಲವತ್ತಾಗಿ ಇನ್ನೂ ಕೆಡುತ್ತಿತ್ತು. ಹಾಗಾಗಿ ಎರಡನ್ನೂ ಬದಲಿಸಬೇಕಾಯಿತು.

ಅವರು ಕೊನೆಗೆ ತೋರಿಸಿದ್ದು ಇನ್ನೂ ಸೂಕ್ಷ್ಮವಾದದ್ದು. ಫೋಟೋದ ಎಡಗಡೆ ಅಟ್ಟದ ಏಣಿ ಕಾಣುತ್ತದೆ. ಅದರ ಮೇಲಿನ ಮೆಟ್ಟಿಲಲ್ಲಿ ಯಾರೋ ಹುಡುಗ ನಿಂತು ಫ್ಲಾಶ್ ಬಲ್ಬನ್ನು ಹಿಡಿದಿದ್ದಾನೆ, ಅವನ ಕಾಲು ಮಾತ್ರ ಚಿತ್ರದೊಳಗಿದೆ. ಬೆಳಕು ಎಡಮೇಲಿನಿಂದ ಬಂದಿದೆ. ಆದ್ದರಿಂದ ಗೋಡೆಯ ಮೇಲಿನ ದೇವರ ಪಟ, ಮೊಳೆ, ಗಡಿಯಾರದ ಪೆಟ್ಟಿಗೆ ಎಲ್ಲದರ ನೆರಳೂ ಬಲಕ್ಕೂ ಕೆಳಕ್ಕೂ ಓರೆಯಾಗಿ ಬಿದ್ದಿದೆ. ಗಡಿಯಾರದ ಅಂಚಿನ ನೆರಳು ಅದರ ಮುಖದ ಎಡಮೇಲಿನಲ್ಲಿ ಬಿದಿಗೆ ಚಂದ್ರನ ಹಾಗೆ ಕೂತಿದೆ. ಆದರೆ ಮುಳ್ಳುಗಳಿಗೆ ನೆರಳೇ ಇಲ್ಲ.

ಮುಳ್ಳುಗಳು ಗಡಿಯಾರದ ಮುಖಕ್ಕೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ಮೇಲೆ ನಿಂತಿರುತ್ತವೆ. ದೊಡ್ಡ ಮುಳ್ಳು ಚಿಕ್ಕದರ ಮೇಲೆ ತಿರುಗಬೇಕಾದ್ದರಿಂದ ಅದು ಇನ್ನೂ ಮೇಲಿರುತ್ತದೆ. ಅದರ ನೆರಳು ಸ್ವಲ್ಪ ಹೆಚ್ಚು ದೂರ ಸರಿದು ಬೀಳುತ್ತದೆ. ಮುಳ್ಳು ಯಾವ ದಿಕ್ಕಿಗೆ ತಿರುಗಿದರೂ ನೆರಳು ಸರಿಯುವ ದಿಕ್ಕು ಒಂದೇ. ಇಲ್ಲಿ ಅದು ಹತ್ತು-ಹನ್ನೊಂದರ ನಡುವಿನಿಂದ ನಾಲ್ಕು-ಐದರ ನಡುವಿನ ಕಡೆಗೆ. ಮುಳ್ಳೇ ಆ ಗೆರೆಗೆ ಸಮವಾಗಿ ಮಲಗಿದ್ದರೆ ನೆರಳು ಮುಳ್ಳಿನ ಅಡಿಯಲ್ಲೇ ಅಡಗುತ್ತದೆ. ಅಡ್ಡಲಾಗಿದ್ದರೆ ಪಕ್ಕದಲ್ಲಿ ಎದ್ದು ಕಾಣುತ್ತದೆ.

ಹತ್ತು ಇಪ್ಪತ್ತೈದಕ್ಕೆ ಎರಡೂ ಮುಳ್ಳುಗಳು ಹೆಚ್ಚುಕಡಿಮೆ ಆ ಓರೆಗೆರೆಯ ಮೇಲೇ ಮಲಗಿರುತ್ತವೆ, ಒಂದು ಮೇಲೆ ಎಡಕ್ಕೆ, ಇನ್ನೊಂದು ಕೆಳಗೆ ಬಲಕ್ಕೆ. ನೆರಳು ಅವುಗಳ ಹೊಟ್ಟೆಯಡಿ ಅಡಗಿತ್ತು. ರಿಟಚ್ ಮಾಡಿದವನು ನೆಗೆಟಿವ್‌ನಲ್ಲಿ ನೆರಳು ಕಾಣಲಿಲ್ಲವೆಂದು ಹೊಸ ಮುಳ್ಳುಗಳಿಗೂ ನೆರಳು ಬರೆಯಲಿಲ್ಲ. ಆದರೆ ಎಂಟಕ್ಕೆ ಚಾಚಿದ ಮುಳ್ಳು ಆ ಬೆಳಕಿಗೆ ಅಡ್ಡ. ಅದರ ಕೆಳಗೆ ಬಲಗಡೆ ಒಂದು ಬೂದು ಗೆರೆ ಬೀಳದೆ ವಿಧಿಯೇ ಇಲ್ಲ.

"ಗೊತ್ತಿದ್ದರೂ ಬಿಟ್ಟಿರಬಹುದು" ಎಂದು ಆ ಹಿರಿಯರು ತಮ್ಮ ಕಸುಬಿನವನ ಪರ ವಹಿಸಿದರು. "ಮುಳ್ಳಿಗೆ ಪೊರೆ ಪೂರ್ತಿ ತೆಗೆದರಾಯಿತು. ನೆರಳಿಗೆ ಅರ್ಧ ಮಾತ್ರ ಹೆರೆಯಬೇಕು, ಬೂದಿ ಬಣ್ಣಕ್ಕೆ. ಒಂದು ಎಳೆ ಆಳವಾದರೆ ಅದೂ ಮುಳ್ಳಾಗಿಬಿಡ್ತದೆ. ಮೂರು ಮುಳ್ಳಿನ ಗಡಿಯಾರ!" ಕಲಿಯುವ ಹುಡುಗರು ಇನ್ನೊಂದು ತಪ್ಪು ಮಾಡುತ್ತಿದ್ದರಂತೆ. ಮುಳ್ಳನ್ನೂ ನೆರಳನ್ನೂ ಒಂದೇ ಕಡ್ಡಿಯ ಹಾಗೆ ಜೊತೆಯಲ್ಲೇ ತಿರುಗಿಸಿ ಬರೆಯುವುದು. ಆಗ ಒಂದೇ ಗಡಿಯಾರದಲ್ಲಿ ಒಂದು ಮುಳ್ಳಿಗೆ ಎಡದಿಂದ ಬೆಳಕು, ಇನ್ನೊಂದಕ್ಕೆ ಬಲದಿಂದ. ಲಗ್ನದ ಕಾಲದಲ್ಲಿ ಇಂಥ ಕೆಲಸ ವರ್ಷಕ್ಕೆ ಒಂದೆರಡು ಬರುತ್ತಿದ್ದವು ಎಂದು ನಕ್ಕರು. ನಾನು ನಗಲಿಲ್ಲ.

ಚರಿತ್ರೆಯ ಪುಸ್ತಕಗಳಲ್ಲಿ ಬರುವ ಒಂದು ಫೋಟೋ ಆ ರಾತ್ರಿ ನೆನಪಾಯಿತು. 1945ರ ಮೇ 2ರಂದು ಬರ್ಲಿನ್ನಿನ ರೈಖ್‌ಸ್ಟಾಗ್ ಕಟ್ಟಡದ ಮೇಲೆ ಸೋವಿಯತ್ ಸೈನಿಕರು ಕೆಂಪು ಬಾವುಟ ಹಾರಿಸುವ ಚಿತ್ರ. ತೆಗೆದವನು ಯೆವ್ಗೆನಿ ಖಾಲ್ದೇಯ್. ಬಾವುಟ ಹಿಡಿದವನನ್ನು ಕೆಳಗಿನಿಂದ ಆತುಕೊಂಡಿದ್ದ ಸೈನಿಕನ ಎರಡು ಕೈಗಳಲ್ಲೂ ಗಡಿಯಾರಗಳಂತೆ ಕಾಣುತ್ತಿತ್ತು. ಒಬ್ಬನಿಗೆ ಎರಡು ಗಡಿಯಾರವೆಂದರೆ ಒಂದು ಲೂಟಿಯದು ಎಂದು ಯಾರೂ ಹೇಳಿಯಾರು. ಖಾಲ್ದೇಯ್ ಸೂಜಿ ಹಿಡಿದು ನೆಗೆಟಿವ್‌ನಿಂದ ಬಲಗೈಯ ಗಡಿಯಾರವನ್ನು ಕೆರೆದುಬಿಟ್ಟ. ಅದೇ ತಿಂಗಳು ಆ ಚಿತ್ರ ಒಗೊನ್ಯೋಕ್ ಪತ್ರಿಕೆಯಲ್ಲಿ ಅಚ್ಚಾಯಿತು. ಕೆರೆದರೆ ಕಪ್ಪಾಗುವುದು ಕಸುಬಿನ ನಿಯಮ. ಕಪ್ಪು ತೋಳಿನ ಅಂಚಿನಲ್ಲಿ ಕಪ್ಪು ಹೊಂದಿಕೊಂಡಿತು. ಅವನಿಗೆ ನೆರಳು ಬರೆಯುವ ಕಷ್ಟ ಬರಲಿಲ್ಲ.

ಈ ಕೆಲಸ ಕಂಪ್ಯೂಟರಿಗೆ ಬಂದ ಮೇಲೂ ಎಡವುವ ಕಲ್ಲು ಅದೇ. 2012ರಲ್ಲಿ ರಷ್ಯಾದ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ ಕಿರಿಲ್ ಅವರ ಒಂದು ಫೋಟೋ ಗಲಾಟೆಗೆ ಕಾರಣವಾಯಿತು. ಅವರ ಕೈಯಲ್ಲಿದ್ದ ದುಬಾರಿ ಗಡಿಯಾರವನ್ನು ಯಾರೋ ಅಳಿಸಿ, ಮೇಲೆ ಕಪ್ಪು ತೋಳನ್ನು ನಾಜೂಕಾಗಿ ಬರೆದಿದ್ದರು. ಆದರೆ ಮುಂದಿದ್ದ ಮೇಜಿನ ಹೊಳಪಿನಲ್ಲಿ ಗಡಿಯಾರದ ಪ್ರತಿಬಿಂಬ ಹಾಗೇ ಉಳಿದಿತ್ತು. ಚರ್ಚು ಕ್ಷಮೆ ಕೇಳಿ ಮೂಲ ಚಿತ್ರವನ್ನೇ ಮತ್ತೆ ಹಾಕಿತು. ವಸ್ತುವನ್ನು ತಿದ್ದುವವರು ವಸ್ತುವನ್ನೇ ನೋಡುತ್ತಾರೆ, ಅದು ಪಕ್ಕದಲ್ಲಿ ಬಿಟ್ಟ ಗುರುತನ್ನು ಮರೆಯುತ್ತಾರೆ. ನಮ್ಮ ಫೋಟೋದಲ್ಲೂ ಹಾಗೆ ಮರೆತದ್ದು ಇನ್ನೇನಾದರೂ ಇರಬಹುದೇ ಎಂದು ಹುಡುಕತೊಡಗಿದೆ.

ಇತ್ತು. ತೊಟ್ಟಿಯಲ್ಲಿ ಬಿಸಿಲು ಬಿದ್ದಿತ್ತು.

ಫೋಟೋದ ಕೆಳಬಲ ಮೂಲೆಯಲ್ಲಿ ತೊಟ್ಟಿಯ ಒಂದು ಭಾಗ ಕಾಣುತ್ತದೆ. ಅಲ್ಲಿ ತುಳಸಿ ಕಟ್ಟೆ. ಕಟ್ಟೆಯ ನೆರಳು ಹಾಸುಗಲ್ಲುಗಳ ಮೇಲೆ ಚಾಚಿ, ನೆರಳಿನ ಅಂಚು ಎರಡು ಕಲ್ಲುಗಳ ಸಂದಿಯ ಮೇಲೆ ಗೆರೆ ಎಳೆದ ಹಾಗೆ ನಿಂತಿದೆ. ಗೋಡೆಯ ಮೇಲಿನ ಬೆಳಕು ಬಲ್ಬಿನದು, ಆದರೆ ತೊಟ್ಟಿಯ ಬೆಳಕು ಸೂರ್ಯನದು. ಸೂರ್ಯ ಪ್ರತಿವರ್ಷ ಅದೇ ತಾರೀಕಿಗೆ, ಅದೇ ಹೊತ್ತಿಗೆ, ಹೆಚ್ಚುಕಡಿಮೆ ಆಕಾಶದ ಅದೇ ಜಾಗಕ್ಕೆ ಬರುತ್ತಾನೆ. ತೊಟ್ಟಿಮನೆ ಇನ್ನೂ ಇದೆ, ಮಾವ ಅಲ್ಲೇ ಇದ್ದಾರೆ. ತುಳಸಿ ಕಟ್ಟೆಯನ್ನು ಯಾರೂ ಕದಲಿಸಿಲ್ಲ, ಹಾಸುಗಲ್ಲೂ ಅವೇ.

2019ರ ಮೇ 18ಕ್ಕೆ ನಾನು ಅಲ್ಲಿದ್ದೆ. ಏಕೆ ಬಂದೆನೆಂದು ಮಾವನಿಗೆ ಹೇಳಲಿಲ್ಲ, ಹಲಸಿನ ಹಣ್ಣಿಗೆ ಎಂದೆ. ಪುಣ್ಯಕ್ಕೆ ಮೋಡವಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ತೊಟ್ಟಿಯ ಅಂಚಿನಲ್ಲಿ ಕುಳಿತೆ, ಫೋಟೋದ ಒಂದು ನಕಲು, ಅಳತೆಯ ಟೇಪು, ಸೀಮೆಸುಣ್ಣ ಹಿಡಿದು. ಕಟ್ಟೆಯ ಎತ್ತರ ಮೂರು ಅಡಿ. ಒಂಬತ್ತು ನಲವತ್ತಕ್ಕೆ ನೆರಳು ಎರಡೂವರೆ ಅಡಿ ಇತ್ತು, ಫೋಟೋದ ಸಂದಿಯನ್ನು ದಾಟಿ ಮುಂದಿನ ಕಲ್ಲಿನ ನಡುವಿಗೆ ಬಿದ್ದಿತ್ತು. ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅತ್ತೆ ಕಾಫಿ ತಂದುಕೊಟ್ಟು, "ಇದೆಂಥ ಸಂಶೋಧನೆ ಮಾರಾಯ್ತಿ, ತಲೆಗೆ ಬಿಸಿಲು ಬಡೀತದೆ" ಎಂದು ನನ್ನ ತಲೆಯ ಮೇಲೆ ಟವೆಲು ಹಾಕಿ ಹೋದರು. ನೆರಳು ಸಣ್ಣಗೆ ಕುಗ್ಗುತ್ತಾ ಬಂತು. ಕೂತು ನೋಡಿದರೆ ಕದಲುವುದು ಕಾಣದು, ಕಾಫಿ ಕುಡಿದು ನೋಡಿದರೆ ಸರಿದಿರುತ್ತದೆ. ಅದು ಸಂದಿಯ ಮೇಲೆ ಬಂದು ಫೋಟೋದಲ್ಲಿದ್ದ ಹಾಗೆ ಕೂತಾಗ ನನ್ನ ಕೈಗಡಿಯಾರದಲ್ಲಿ ಹತ್ತು ಇಪ್ಪತ್ತನಾಲ್ಕು. ಅಳೆದೆ, ಇಪ್ಪತ್ತು ಇಂಚು. ಒಂಬತ್ತು ನಲವತ್ತರ ಗುರುತಿಗೂ ಇದಕ್ಕೂ ಹತ್ತು ಇಂಚು ಅಂತರ. ನೆರಳಿನ ಅಂಚು ಮಸುಕಾಗಿರುವುದರಿಂದ ಎರಡು ಮೂರು ನಿಮಿಷ ಆಚೀಚೆ ಆಗಬಹುದು, ಮುಕ್ಕಾಲು ಗಂಟೆ ಆಗುವುದಿಲ್ಲ.

ಅಂದರೆ ಮುಹೂರ್ತ ಮೀರಿತ್ತು. ಅತ್ತೆ ಹೇಳಿದ್ದು ನಿಜ, ಅಜ್ಜಯ್ಯ ತೂಗುಹಾಕಿದ್ದು ಸುಳ್ಳು. ಆ ಸುಳ್ಳಿನ ನೆರಳಲ್ಲೇ ನನ್ನ ತಾಯಿ ಬಾಳಿ ಬದುಕಿ, ನನ್ನನ್ನೂ ನನ್ನ ತಮ್ಮಂದಿರನ್ನೂ ಸಾಕಿ, ಅತ್ತೆಯ ಮನೆಯಲ್ಲಿ ತಲೆಯೆತ್ತಿ ನಡೆದದ್ದು. ತರಗತಿಯಲ್ಲಿ ಆಧಾರ, ಆಧಾರ ಎಂದು ಮೇಜು ಕುಟ್ಟುವ ನನಗೆ ಅಲ್ಲಿ ತೊಟ್ಟಿಯಲ್ಲಿ ಕೂತು ಏನು ಮಾಡಬೇಕೆಂದು ತೋಚಲಿಲ್ಲ. ಮಾವನ ಮೊಮ್ಮಗು ಬಂದು ಸೀಮೆಸುಣ್ಣದ ಗುರುತನ್ನು ಕಾಲಿನಿಂದ ಉಜ್ಜಿ ಅಳಿಸಿತು, ಬಿಟ್ಟುಬಿಟ್ಟೆ.

ಊರಿಗೆ ಬಂದು ಎರಡು ದಿನ ಸುಮ್ಮನಿದ್ದೆ. ಅಮ್ಮನಿಗೆ ಆಗ ಎಪ್ಪತ್ತನಾಲ್ಕು. ಬತ್ತಿ ಹೊಸೆಯುತ್ತ ಕುಳಿತಿದ್ದಳು. ಫೋಟೋ ಕೆಳಗಿಳಿಸಿ ಒರೆಸುವ ನೆವದಲ್ಲಿ, "ಅಮ್ಮಾ, ಈ ಗಡಿಯಾರ ಸರಿಯಾಗಿತ್ತಾ ಆವತ್ತು?" ಎಂದೆ.

ಅಮ್ಮ ತಲೆಯೆತ್ತಲಿಲ್ಲ. "ನನ್ನನ್ನು ಕೋಣೆಯಿಂದ ಹೊರಗೆ ಕರೆದುಕೊಂಡು ಬಂದಾಗಲೇ ಹತ್ತೂ ಹತ್ತಾಗಿತ್ತು" ಎಂದಳು. "ಎಲ್ಲರೂ ನೆಲ ನೋಡು ಅಂದರು. ನಾನು ಗಡಿಯಾರ ನೋಡಿದ್ದೆ."

"ಮತ್ತೆ ಇದು?"

"ಅಪ್ಪಯ್ಯ ಎರಡು ಸಲ ಸ್ಟುಡಿಯೋಕ್ಕೆ ಓಡಾಡಿದ. ಮೊದಲು ತಂದದ್ದರಲ್ಲಿ ಏನೋ ಸರಿಯಿರಲಿಲ್ಲ ಅಂತ ವಾಪಸು ಕೊಟ್ಟ. ಅಡಿಕೆ ಮಾರಿದ ದುಡ್ಡು. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ." ಬತ್ತಿಯನ್ನು ಮೊಣಕಾಲ ಮೇಲೆ ಇನ್ನೊಮ್ಮೆ ಹೊರಳಿಸಿದಳು. "ಚಿಕ್ಕ ಮುಳ್ಳು ಸ್ವಲ್ಪ ತಪ್ಪಾಗಿದೆ ಅಲ್ಲವಾ?"

ನಾನು ಕಟ್ಟಿನ ಹಿಂದಿನ ರಟ್ಟು ಬಿಚ್ಚಿ ಫೋಟೋದ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದೆ: 18-5-1964, ಗಡಿಯಾರದಲ್ಲಿ 9-40, ಬಿಸಿಲಿನಲ್ಲಿ 10-24. ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಆಮೇಲೆ ಕಟ್ಟು ಮುಚ್ಚಿಸಿ, ಇದ್ದ ಮೊಳೆಗೇ ತೂಗುಹಾಕಲು ಹೇಳಿದಳು.